ಟ್ರೆಲೊನಾ, ಜೀರಾನಾ? ಮ್ಯಾನೇಜರ್ ಒಪ್ಪುವಂಥ ಒಂದು ಪುಟದ ಶಿಫಾರಸು ಪತ್ರ ಬರೆಯುವುದು ಹೇಗೆ

ನಾನು ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಪ್ಲಾನಿಂಗ್ ನೋಡಿಕೊಳ್ಳುತ್ತೇನೆ. ನಾವು ಜಿಗ್ ಮತ್ತು ಫಿಕ್ಸ್ಚರ್ ಮಾಡಿಕೊಡುತ್ತೇವೆ. ಕೆಲಸದ ಲೆಕ್ಕ ಇಡಲು ನಮಗೆ ಎರಡು ಸಾಫ್ಟ್‌ವೇರ್‌ಗಳಲ್ಲಿ ಒಂದನ್ನು ಆರಿಸಬೇಕಿತ್ತು. ಆಗ ನಾನು ಮ್ಯಾನೇಜರ್ ಸಾಹೇಬರಿಗೆ ಬರೆದ ಮೊದಲ ಪತ್ರ ನಾಲ್ಕು ಪುಟ ಇತ್ತು. ಅದರಲ್ಲಿ 23 ಸಾಲಿನ ಒಂದು ಕೋಷ್ಟಕ. ಯಾವುದರಲ್ಲಿ ಏನೇನಿದೆ ಅಂತ ಸಾಲು ಸಾಲಾಗಿ ಟಿಕ್ ಮಾಡಿದ್ದೆ.

ಅವರು ಪುಟ ತಿರುವಿ ಹಾಕಿ ಒಂದೇ ಮಾತು ಕೇಳಿದರು. "ಪೀಣ್ಯಕ್ಕೆ ಹೀಟ್ ಟ್ರೀಟ್‌ಮೆಂಟ್‌ಗೆ ಹೋದ ಪೀಸು ಎಷ್ಟು ದಿನದಿಂದ ಅಲ್ಲೇ ಕೂತಿದೆ ಅಂತ ಇದು ಹೇಳುತ್ತಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಪತ್ರ ವಾಪಸ್ ಬಂತು. ಎರಡನೇ ಪತ್ರ ಒಂದು ಪುಟ ಇತ್ತು, ಅದಕ್ಕೆ ಸಹಿ ಬಿತ್ತು. ಆ ಎರಡು ಪತ್ರಗಳ ನಡುವೆ ಮಾಡಿದ ಕೆಲಸವನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಘಟಕದ ಗುಟ್ಟು ಹೊರಬೀಳದಂತೆ ಅಂಕಿಗಳನ್ನು ಮಾತ್ರ ಉದಾಹರಣೆಗೆ ಬೇಕಾದಷ್ಟು ಬದಲಿಸಿಕೊಂಡಿದ್ದೇನೆ.

ಮೊದಲು ಪ್ರಶ್ನೆ ಯಾವುದು ಅಂತ ಹುಡುಕಿ

ಸಾಫ್ಟ್‌ವೇರ್ ತೆರೆಯುವ ಮುಂಚೆ ನಿಮ್ಮ ತಂಡದ ವಾಟ್ಸಾಪ್ ಗುಂಪು ತೆರೆಯಿರಿ. ಹಿಂದಿನ ಒಂದು ತಿಂಗಳ ಮೆಸೇಜ್‌ಗಳನ್ನು ಮೇಲಿಂದ ಕೆಳಗೆ ಓದಿ. ಯಾರು ಯಾರನ್ನು ಏನು ಕೇಳಿದ್ದಾರೆ ಅಂತ ಒಂದು ಹಾಳೆಯಲ್ಲಿ ಗೀಟು ಹಾಕುತ್ತಾ ಹೋಗಿ. ಒಂದು ಗಂಟೆ ಸಾಕು.

ನಮ್ಮ ಗುಂಪಿನಲ್ಲಿ ಪ್ರಶ್ನೆಗಳು ಮೂರೇ ಬಗೆ ಇದ್ದವು. "ಯಾರು ಮಾಡ್ತಿದ್ದಾರೆ?" ಅನ್ನುವುದು ಕಡಿಮೆ, ಯಾಕೆಂದರೆ ಒಂಬತ್ತೇ ಜನ, ಎಲ್ಲರಿಗೂ ಗೊತ್ತಿರುತ್ತದೆ. "ಯಾವಾಗ ಮುಗಿಯುತ್ತೆ?" ಅನ್ನುವುದು ಸ್ವಲ್ಪ ಜಾಸ್ತಿ. ಅರ್ಧಕ್ಕಿಂತ ಹೆಚ್ಚು ಗೀಟು ಬಿದ್ದದ್ದು "ಎಲ್ಲಿಗೆ ಬಂತು?" ಅನ್ನುವುದಕ್ಕೆ. ಅದರಲ್ಲೂ ಹೊರಗೆ ಕಳಿಸಿದ ಪೀಸುಗಳದೇ ಗೋಳು. ನಮ್ಮಲ್ಲಿ ಮಷೀನಿಂಗ್ ಮುಗಿದ ಪೀಸು ಹೀಟ್ ಟ್ರೀಟ್‌ಮೆಂಟ್‌ಗೆ ಪೀಣ್ಯಕ್ಕೆ ಹೋಗುತ್ತದೆ. ಬಂದ ಮೇಲೆ ಗ್ರೈಂಡಿಂಗ್. ನಡುವೆ ಅದು ಅಲ್ಲೇ ಇದೆಯೋ, ವ್ಯಾನ್‌ನಲ್ಲಿದೆಯೋ, ನಮ್ಮ ಗೇಟಿನ ಹತ್ತಿರವೇ ಇಳಿಸಿ ಮರೆತಿದ್ದಾರೋ, ಯಾರಿಗೂ ಖಚಿತ ಇರುವುದಿಲ್ಲ.

ಆದ್ದರಿಂದ ನಮ್ಮ ಪ್ರಶ್ನೆ ಹೀಗೆ ನಿಂತಿತು: ಪ್ರತಿ ಜಾಬ್ ಈಗ ಯಾವ ಹಂತದಲ್ಲಿದೆ, ಅಲ್ಲಿ ಎಷ್ಟು ದಿನದಿಂದ ನಿಂತಿದೆ? ನಿಮ್ಮ ತಂಡದ ಪ್ರಶ್ನೆ ಬೇರೆ ಇರಬಹುದು. ಅದು ಒಂದೇ ವಾಕ್ಯದಲ್ಲಿ ಬರುವವರೆಗೆ ಮುಂದಿನ ಹಂತಕ್ಕೆ ಹೋಗಬೇಡಿ. ನನ್ನ ಮೊದಲ ಪತ್ರ ಬಿದ್ದುಹೋದದ್ದು ಇಲ್ಲೇ. 23 ಸಾಲಿನಲ್ಲಿ ಈ ಒಂದು ಸಾಲು ಇರಲಿಲ್ಲ.

ಎರಡೂ ಏನು ಅಂತ ನಾಲ್ಕು ಮಾತು

ಟ್ರೆಲೊ 2011ರಲ್ಲಿ ಬಂದದ್ದು. ಗೋಡೆಗೆ ಚೀಟಿ ಅಂಟಿಸಿದ ಹಾಗೆ ಕೆಲಸ ಮಾಡುತ್ತದೆ. ಒಂದು ಬೋರ್ಡ್, ಅದರಲ್ಲಿ ಹಂತಕ್ಕೊಂದು ಸಾಲು, ಸಾಲಿನಲ್ಲಿ ಜಾಬ್‌ಗೊಂದು ಕಾರ್ಡ್. ಕೆಲಸ ಮುಂದೆ ಹೋದಂತೆ ಕಾರ್ಡನ್ನು ಬೆರಳಿನಿಂದ ಪಕ್ಕದ ಸಾಲಿಗೆ ಎಳೆಯುವುದು, ಅಷ್ಟೇ.

ಜೀರಾ 2002ರದ್ದು. ಅಡುಗೆಮನೆಯ ಜೀರಿಗೆಗೂ ಇದಕ್ಕೂ ಸಂಬಂಧ ಇಲ್ಲ, ಆದರೆ ನಮ್ಮ ಷಾಪ್‌ನಲ್ಲಿ ಎರಡು ವಾರ ಅದೇ ತಮಾಷೆ ನಡೆಯಿತು. ಸಾಫ್ಟ್‌ವೇರ್ ಬರೆಯುವವರು ದೋಷಗಳ ಲೆಕ್ಕ ಇಡಲು ಹುಟ್ಟಿದ್ದು ಇದು. ಇದರಲ್ಲೂ ಬೋರ್ಡ್ ಇದೆ. ಅದರ ಹಿಂದೆ ನಿಯಮಗಳೂ ಇವೆ. ಇನ್‌ಸ್ಪೆಕ್ಷನ್ ಆಗದೆ ಡಿಸ್ಪ್ಯಾಚ್‌ಗೆ ಹೋಗಲು ದಾರಿಯೇ ಇಲ್ಲದಂತೆ ಕಟ್ಟಿಡಬಹುದು. ಯಾವ ಹಂತದಲ್ಲಿ ಎಷ್ಟು ದಿನದಿಂದ ನಿಂತಿದೆ ಅಂತ ಕಾರ್ಡಿನ ಮೇಲೆಯೇ ತೋರಿಸುವ ವ್ಯವಸ್ಥೆಯೂ ಇದೆ. ಬೇಕಾದದ್ದನ್ನು ಒಂದು ಸಾಲಿನ ಪ್ರಶ್ನೆ ಬರೆದು ಹುಡುಕಬಹುದು. ಹೊರಗೆ ಹೋಗಿ ಮೂರು ದಿನದಿಂದ ಕದಲದ ಜಾಬ್‌ಗಳು ಬೇಕಾದರೆ ಹೀಗೆ:

```
status = "ಹೊರಗೆ ಹೋಗಿದೆ" AND NOT status CHANGED AFTER -3d
```

ಎರಡೂ ಈಗ ಒಂದೇ ಕಂಪನಿಯವು. ಜೀರಾ ಮಾಡುವ ಅಟ್ಲಾಸಿಯನ್ 2017ರಲ್ಲಿ ಟ್ರೆಲೊವನ್ನು ಕೊಂಡುಕೊಂಡಿತು. "ಒಬ್ಬರದೇ ಆದರೆ ಎರಡು ಯಾಕೆ?" ಅಂತ ಮ್ಯಾನೇಜರ್ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧ ಇಟ್ಟುಕೊಳ್ಳಿ: ಒಂದು ನೋಡಲು ಸುಲಭ, ಇನ್ನೊಂದು ಕಟ್ಟುಪಾಡು ಹಾಕಲು ಒಳ್ಳೆಯದು.

ಕಾಗದದ ಮೇಲೆ ನೋಡಿದರೆ ನಮ್ಮ ಪ್ರಶ್ನೆಗೆ ಜೀರಾನೇ ಉತ್ತರ. ನಾನೂ ಹಾಗೇ ಅಂದುಕೊಂಡಿದ್ದೆ.

ಎರಡು ವಾರ ನಿಜವಾದ ಜಾಬ್‌ಗಳ ಮೇಲೆ ಓಡಿಸಿ

ಡೆಮೊ ವಿಡಿಯೊ ನೋಡಿ ಪತ್ರ ಬರೆಯಬೇಡಿ. ಸುಳ್ಳು ಜಾಬ್‌ಗಳನ್ನು ಹಾಕಿಯೂ ನೋಡಬೇಡಿ. ಸುಳ್ಳು ಜಾಬ್‌ಗೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಆದ್ದರಿಂದ ಅದರಲ್ಲಿ ತಪ್ಪೂ ಆಗುವುದಿಲ್ಲ.

ಒಂದೇ ಜಾಬನ್ನು ಎರಡೂ ಕಡೆ ಹಾಕಿಸುವುದು ಇನ್ನೊಂದು ತಪ್ಪು. ಎರಡು ಕಡೆ ತುಂಬಬೇಕಾದರೆ ಜನ ಎರಡನೆಯದನ್ನು ಸಂಜೆ ಒಟ್ಟಿಗೆ ತುಂಬುತ್ತಾರೆ. ಆಗ ನೀವು ಅಳೆಯುವುದು ಸಾಫ್ಟ್‌ವೇರನ್ನಲ್ಲ, ಅವರ ಬೇಸರವನ್ನು. ನಾವು ಜಾಬ್ ನಂಬರ್ ಸಮ ಸಂಖ್ಯೆಯಾದರೆ ಟ್ರೆಲೊ, ಬೆಸವಾದರೆ ಜೀರಾ ಅಂತ ಹಂಚಿದೆವು. ಕಷ್ಟದ ಜಾಬ್, ಸುಲಭದ ಜಾಬ್ ಅಂತ ನಾನು ಕೈಯಾರೆ ಆರಿಸಲಿಲ್ಲ. ಎಲ್ಲರ ಕೈಗೂ ಎರಡೂ ಸಿಕ್ಕವು.

ಎರಡರಲ್ಲೂ ಅವೇ ಏಳು ಹಂತ ಇಟ್ಟೆ: ಡಿಸೈನ್, ಮೆಟೀರಿಯಲ್, ಮಷೀನಿಂಗ್, ಹೊರಗೆ ಹೋಗಿದೆ, ಗ್ರೈಂಡಿಂಗ್, ಇನ್‌ಸ್ಪೆಕ್ಷನ್, ಡಿಸ್ಪ್ಯಾಚ್. ಕಾರ್ಡಿನ ಹೆಸರುಗಳನ್ನು ಕನ್ನಡದಲ್ಲೇ ಬರೆದೆವು. ಎರಡರಲ್ಲೂ ತೊಂದರೆ ಆಗಲಿಲ್ಲ.

ಇನ್ನು ಅಳತೆ. ಇದು ಇಡೀ ಕೆಲಸದ ಜೀವ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. "ಹೇಗನ್ನಿಸಿತು?" ಅಂತ ಜನರನ್ನು ಕೇಳಿದರೆ "ಚೆನ್ನಾಗಿದೆ ಸಾರ್" ಅನ್ನುತ್ತಾರೆ. ಅದರಿಂದ ಏನೂ ಸಿಗುವುದಿಲ್ಲ. ಬದಲು ಬೋರ್ಡ್ ನಿಜ ಹೇಳುತ್ತಿದೆಯಾ ಅಂತ ನೋಡಿ. ವಾರಕ್ಕೆ ಎರಡು ಸಲ, ಮುಂಚೆ ಹೇಳದೆ, ಬೋರ್ಡಿನ ಫೋಟೊ ತೆಗೆದುಕೊಂಡು ಷಾಪ್ ಸುತ್ತಿ ಬನ್ನಿ. ಬೋರ್ಡಿನಲ್ಲಿ "ಗ್ರೈಂಡಿಂಗ್" ಅಂತ ಇರುವ ಪೀಸು ನಿಜವಾಗಿ ಗ್ರೈಂಡಿಂಗ್ ಮಷೀನಿನ ಹತ್ತಿರ ಇದೆಯಾ? ಇದ್ದರೆ ಸರಿ, ಇಲ್ಲದಿದ್ದರೆ ತಪ್ಪು. ಹೊರಗೆ ಹೋದವುಗಳಿಗೆ ಡೆಲಿವರಿ ಚಲನ್ ನೋಡಿ, ಅಲ್ಲಿಗೆ ಒಂದು ಫೋನ್ ಮಾಡಿ.

ಮೊದಲ ವಾರ ಎರಡು ಸುತ್ತು ಹಾಕಿದೆ. ಟ್ರೆಲೊದ 17 ಕಾರ್ಡ್‌ಗಳಲ್ಲಿ 15 ಸರಿ. ಜೀರಾದ 16ರಲ್ಲಿ 10 ಮಾತ್ರ ಸರಿ.

ಅಷ್ಟಕ್ಕೇ ನಿಲ್ಲಿಸಿ ಪತ್ರ ಬರೆದುಬಿಡುವ ಆಸೆ ಬಂತು. ಆದರೆ ತಪ್ಪಾದ ಆ ಆರನ್ನು ಒಂದೊಂದಾಗಿ ನೋಡಿದಾಗ ಬೇರೆ ಕಥೆ ಇತ್ತು. ಡಿಸೈನ್‌ನವರ ನಮೂದುಗಳೆಲ್ಲ ಸರಿ ಇದ್ದವು. ತಪ್ಪೆಲ್ಲ ಷಾಪ್‌ನಲ್ಲಿ, ಇಬ್ಬರು ಸೂಪರ್‌ವೈಸರ್‌ಗಳ ಕೈಯಲ್ಲಿ ಆಗಿದ್ದವು. ಯಾಕೆ ಅಂತ ಕೇಳಿದೆ. ಅವರಲ್ಲಿ ಹಿರಿಯರು ಫೋನ್ ತೋರಿಸಿ, "ನೋಡ್ರಿ, ಮುಂದಕ್ಕೆ ತಳ್ಳಿದ್ರೆ ಮಷೀನ್ ನಂಬರ್ ಕೇಳುತ್ತೆ, ರಿಮಾರ್ಕ್ಸ್ ಕೇಳುತ್ತೆ. ಕೈಯೆಲ್ಲ ಎಣ್ಣೆ. ಆಮೇಲೆ ಹಾಕೋಣ ಅಂತ ಬಿಡ್ತೀನಿ, ಮರೆತು ಹೋಗುತ್ತೆ" ಅಂದರು.

ಆ ಎರಡು ಖಾನೆಗಳನ್ನು ಕಡ್ಡಾಯ ಮಾಡಿಟ್ಟವನು ನಾನೇ! ಜೀರಾದಲ್ಲಿ ಹಾಗೆ ಮಾಡಲು ಬರುತ್ತದೆ ಅನ್ನುವ ಉತ್ಸಾಹದಲ್ಲಿ ಮಾಡಿದ್ದೆ. ತಪ್ಪು ಜೀರಾದ್ದಲ್ಲ. ಎರಡನೇ ವಾರಕ್ಕೆ ಆ ಖಾನೆಗಳನ್ನು ತೆಗೆದುಹಾಕಿದೆ. ಆಗ ಟ್ರೆಲೊ 17ರಲ್ಲಿ 16, ಜೀರಾ 17ರಲ್ಲಿ 14.

ಈಗ ನೋಡಿ, ಎರಡೂ ವಾರ ಕೂಡಿಸಿದರೆ 34ರಲ್ಲಿ 31, 33ರಲ್ಲಿ 24. ಪತ್ರದಲ್ಲಿ ಹಾಕಿದರೆ ಟ್ರೆಲೊ ಭರ್ಜರಿಯಾಗಿ ಗೆದ್ದಂತೆ ಕಾಣುತ್ತದೆ. ಆದರೆ ಅದು ನ್ಯಾಯವಲ್ಲ. ಮೊದಲ ವಾರದ್ದು ನನ್ನ ತಪ್ಪಿನ ಅಂಕಿ. ಎರಡನೇ ವಾರದ 16 ಮತ್ತು 14 ಮಾತ್ರ ಪತ್ರಕ್ಕೆ ಬರಬೇಕು. ಎರಡು ಕಾರ್ಡಿನ ವ್ಯತ್ಯಾಸ ಯಾವತ್ತೂ ಆಗಬಹುದು, ಒಬ್ಬರು ರಜೆ ಹಾಕಿದರೆ ಸಾಕು. ಅದರ ಮೇಲೆ ತೀರ್ಮಾನ ಕಟ್ಟಲು ಬರುವುದಿಲ್ಲ.

ಒಂದು ಸಾಫ್ಟ್‌ವೇರ್ ತೀರಾ ಹಿಂದೆ ಬಿದ್ದಂತೆ ಕಂಡರೆ ಮೊದಲು ಇದನ್ನು ನೋಡಿ: ತಪ್ಪುಗಳೆಲ್ಲ ಒಂದೇ ಹಂತದಲ್ಲೋ ಒಬ್ಬಿಬ್ಬರ ಕೈಯಲ್ಲೋ ಆಗಿವೆಯಾ? ಆಗಿದ್ದರೆ ಅದು ಸಾಮಾನ್ಯವಾಗಿ ನೀವು ಹೊಂದಿಸಿದ ರೀತಿಯ ತಪ್ಪು. ಎಲ್ಲ ಕಡೆ ಹರಡಿದ್ದರೆ ಮಾತ್ರ ಸಾಫ್ಟ್‌ವೇರನ್ನು ಅನುಮಾನಿಸಿ.

ತೀರ್ಮಾನ ಎಲ್ಲಿಂದ ಬಂತು

ಎರಡನೇ ವಾರದ ನಡುವೆ ಶಿವರಾತ್ರಿ ಬಂತು. ಸಿದ್ಧಗಂಗೆ ಜಾತ್ರೆಗೆ ನೆಂಟರು ಬಂದಿದ್ದರು. ಎರಡು ದಿನ ರಜೆ ಹಾಕಿದೆ. ಆ ಎರಡು ದಿನದಲ್ಲೇ ಒಬ್ಬ ಗ್ರಾಹಕರು ಪೀಸುಗಳಿಗೆ ಬ್ಲ್ಯಾಕನಿಂಗ್ ಮಾಡಿಸಿ ಕಳಿಸಿ ಅಂದರು. ಗ್ರೈಂಡಿಂಗ್ ಆದ ಮೇಲೆ ಇನ್ನೊಂದು ಹೊರಗಿನ ಕೆಲಸ. ಬೋರ್ಡಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಟ್ರೆಲೊದಲ್ಲಿ ನಮ್ಮ ಪರ್ಚೇಸ್ ಮೇಡಂ ತಾವೇ ಒಂದು ಹೊಸ ಸಾಲು ಸೇರಿಸಿ, ಹೆಸರು ಬರೆದು, ಕಾರ್ಡನ್ನು ಅಲ್ಲಿಗೆ ಎಳೆದಿದ್ದರು. ಯಾರನ್ನೂ ಕೇಳಿರಲಿಲ್ಲ. ಜೀರಾದಲ್ಲಿ ನಾನು ಕಟ್ಟಿದ್ದ ನಿಯಮಗಳ ಒಳಗೆ ಹೊಸ ಹಂತ ಸೇರಿಸುವುದು ಹೇಗೆಂದು ನನಗೊಬ್ಬನಿಗೇ ಗೊತ್ತಿತ್ತು. ಎರಡು ಜಾಬ್‌ಗಳು "ಗ್ರೈಂಡಿಂಗ್"ನಲ್ಲೇ ನಿಂತಂತೆ ತೋರಿಸುತ್ತಾ ನನಗಾಗಿ ಕಾಯುತ್ತಿದ್ದವು.

ಆ ಹೊತ್ತಿಗೆ ನನಗೆ ಹೊಳೆಯಿತು. ಯಾವುದರಲ್ಲಿ ಹೆಚ್ಚು ಸೌಲಭ್ಯ ಇದೆ ಅಂತಲ್ಲ, ನಾನಿಲ್ಲದ ದಿನ ಯಾವುದು ನಡೆಯುತ್ತದೆ ಅಂತ ನೋಡಬೇಕು. ಜೀರಾವನ್ನು ನೋಡಿಕೊಳ್ಳಲು ಒಬ್ಬರನ್ನು ಇಟ್ಟಿರುವ ಕಂಪನಿಗೆ ಈ ತೊಂದರೆ ಬರುವುದಿಲ್ಲ. ನಮ್ಮಲ್ಲಿ ಆ ಒಬ್ಬ ಅಂದರೆ ಪ್ಲಾನಿಂಗ್ ಕೆಲಸ ಬಿಟ್ಟು ಕೂರುವ ನಾನು. ಹೊಂದಿಸಲು ಹಿಡಿದ ಹೊತ್ತೂ ಅದನ್ನೇ ಹೇಳಿತು. ಟ್ರೆಲೊಗೆ ಸುಮಾರು 40 ನಿಮಿಷ. ಜೀರಾಗೆ ಒಂದೂವರೆ ದಿನ.

ನಿಮ್ಮ ಪ್ರಯೋಗದಲ್ಲೂ ಒಂದೆರಡು ದಿನ ಬೇಕಂತಲೇ ದೂರ ಇರಿ. ಜಾತ್ರೆ ಇಲ್ಲದಿದ್ದರೂ ನಡೆಯುತ್ತದೆ.

ಆರಿಸಿದ್ದರ ಹುಳುಕನ್ನೂ ಹುಡುಕಿ

ಪತ್ರದಲ್ಲಿ ಬರೀ ಹೊಗಳಿಕೆ ಇದ್ದರೆ ಅನುಭವಸ್ಥ ಮ್ಯಾನೇಜರ್‌ಗೆ ಮೊದಲು ಅನುಮಾನ ಬರುವುದು ನಿಮ್ಮ ಮೇಲೆ. ಟ್ರೆಲೊದಲ್ಲಿ ನಮಗೆ ಸಿಕ್ಕ ದೊಡ್ಡ ಹುಳುಕು ಅವರು ಕೇಳಿದ ಪ್ರಶ್ನೆಯಲ್ಲೇ ಇತ್ತು. ಕಾರ್ಡ್ ಯಾವ ಸಾಲಿನಲ್ಲಿದೆ ಅಂತ ಅದು ತೋರಿಸುತ್ತದೆ. ಆ ಸಾಲಿನಲ್ಲಿ ಎಷ್ಟು ದಿನದಿಂದ ಇದೆ ಅಂತ ತಾನಾಗಿ ತೋರಿಸುವುದಿಲ್ಲ.

ಅದಕ್ಕೊಂದು ಉಪಾಯ ಮಾಡಿದೆವು. ಟ್ರೆಲೊ ಬೋರ್ಡಿನಲ್ಲಿ `Automation` ಅಂತ ಒಂದು ಗುಂಡಿ ಇದೆ. ಅಲ್ಲಿ ಒಂದು ನಿಯಮ ಬರೆದೆವು: ಕಾರ್ಡ್ "ಹೊರಗೆ ಹೋಗಿದೆ" ಸಾಲಿಗೆ ಬಂದ ಕೂಡಲೇ ಅದರ ಗಡುವಿನ ದಿನಾಂಕ ಮೂರು ಕೆಲಸದ ದಿನಗಳ ಮುಂದಕ್ಕೆ ಬೀಳಬೇಕು. ಮೂರು ದಿನ ದಾಟಿದರೆ ದಿನಾಂಕ ಕೆಂಪಾಗುತ್ತದೆ. ಕೆಂಪು ಕಂಡರೆ ಪರ್ಚೇಸ್ ಮೇಡಂ ಪೀಣ್ಯಕ್ಕೆ ಫೋನ್ ಮಾಡುತ್ತಾರೆ. ಉಚಿತ ಯೋಜನೆಯಲ್ಲಿ ಇಂಥ ನಿಯಮಗಳು ತಿಂಗಳಿಗೆ 250 ಸಲ ಓಡಬಹುದು. ಹೊರಗೆ ಹೋಗುವ ನಮ್ಮ ಜಾಬ್‌ಗಳು ಅದರ ಹತ್ತಿರಕ್ಕೂ ಬರುವುದಿಲ್ಲ.

ಇದರಲ್ಲೂ ಒಂದು ಕೊಕ್ಕೆ ಇದೆ. ಟ್ರೆಲೊ ಕಾರ್ಡಿಗೆ ಗಡುವು ಒಂದೇ. ಅದನ್ನು ಹೀಟ್ ಟ್ರೀಟ್‌ಮೆಂಟ್‌ಗೆ ಬಳಸಿಕೊಂಡರೆ ಗ್ರಾಹಕರಿಗೆ ಕೊಡಬೇಕಾದ ದಿನಾಂಕ ಅಳಿಸಿಹೋಗುತ್ತದೆ. ಮೊದಲ ಸಲ ಹಾಗೇ ಆಗಿ ಒಂದು ಡಿಸ್ಪ್ಯಾಚ್ ದಿನಾಂಕ ಮಾಯವಾಯಿತು. ಆಮೇಲೆ ಆ ದಿನಾಂಕವನ್ನು ಕಾರ್ಡಿನ ಹೆಸರಿಗೇ ಸೇರಿಸಿದೆವು, "ಎಫ್ 118, 24 ಮಾರ್ಚ್" ಅನ್ನುವ ಹಾಗೆ. ಚೆಂದದ ಪರಿಹಾರ ಅಲ್ಲ. ಆದರೆ ನಡೆಯುತ್ತದೆ, ಎಲ್ಲರ ಕಣ್ಣಿಗೂ ಬೀಳುತ್ತದೆ.

ಇನ್ನೊಂದು ಹುಳುಕು: ಇನ್‌ಸ್ಪೆಕ್ಷನ್ ಬಿಟ್ಟು ನೇರ ಡಿಸ್ಪ್ಯಾಚ್‌ಗೆ ಎಳೆದರೆ ಟ್ರೆಲೊ ತಡೆಯುವುದಿಲ್ಲ. ಇದಕ್ಕೆ ನಾವು ಸಾಫ್ಟ್‌ವೇರ್‌ನಲ್ಲಿ ಪರಿಹಾರ ಹುಡುಕಲಿಲ್ಲ. ಕ್ವಾಲಿಟಿಯವರ ಸಹಿ ಇಲ್ಲದ ಚಲನ್ ಗೇಟು ದಾಟುವುದಿಲ್ಲ ಅನ್ನುವ ಹಳೆಯ ನಿಯಮವೇ ಸಾಕಾಯಿತು.

ದುಡ್ಡಿನ ಮಾತು

ಎರಡೂ ಉಚಿತವಾಗಿ ಸಿಗುತ್ತವೆ, ಮಿತಿ ಇದೆ. ಜೀರಾದಲ್ಲಿ 10 ಬಳಕೆದಾರರು, ಒಟ್ಟು 2 ಜಿಬಿ ಜಾಗ. ಟ್ರೆಲೊದಲ್ಲಿ ಒಂದು ವರ್ಕ್‌ಸ್ಪೇಸ್‌ಗೆ 10 ಜನ, ಒಂದು ಫೈಲ್ 10 ಎಂಬಿ ಮೀರಬಾರದು. ಟ್ರೆಲೊದ ಹತ್ತರಲ್ಲಿ ಅತಿಥಿಗಳಾಗಿ ಸೇರಿಸಿಕೊಂಡವರೂ ಲೆಕ್ಕಕ್ಕೆ ಬರುತ್ತಾರೆ. ಗ್ರಾಹಕರಿಗೂ ತೋರಿಸೋಣ ಅಂತ ಒಬ್ಬರನ್ನು ಸೇರಿಸಿದರೆ ಒಂದು ಜಾಗ ಹೋಯಿತು.

ನಾವು ಒಂಬತ್ತು ಜನ. ಜೂನ್‌ನಲ್ಲಿ ಇಬ್ಬರು ಟ್ರೈನಿಗಳು ಬಂದರೆ ಹನ್ನೊಂದು. ಹತ್ತು ದಾಟಿದರೆ ಹನ್ನೊಂದನೆಯವರೊಬ್ಬರಿಗೆ ಮಾತ್ರ ದುಡ್ಡು ಕಟ್ಟುವುದಲ್ಲ, ಹನ್ನೊಂದೂ ಜನರಿಗೆ ಕಟ್ಟಬೇಕು. ಉಚಿತ ಅಂತ ಮೇಲಿನವರಿಗೆ ಹೇಳಿ, ಜೂನ್‌ನಲ್ಲಿ ಬಿಲ್ ಹಿಡಿದು ಹೋಗುವ ಪರಿಸ್ಥಿತಿ ತಂದುಕೊಳ್ಳಬೇಡಿ.

ದರ ಆಗಾಗ ಬದಲಾಗುತ್ತದೆ. ಪತ್ರ ಬರೆಯುವ ದಿನವೇ ಅವರ ದರಪಟ್ಟಿ ನೋಡಿ, ಯಾವ ದಿನ ನೋಡಿದ್ದು ಅಂತಲೂ ಬರೆಯಿರಿ. ಲೆಕ್ಕ ಹಾಕುವ ಬಗೆ ಹೀಗೆ. ಒಬ್ಬರಿಗೆ ತಿಂಗಳಿಗೆ ₹500 ಅಂತ ಇಟ್ಟುಕೊಳ್ಳೋಣ. 11 ಜನ, 12 ತಿಂಗಳು, ₹66,000. ಶೇ 18 ಜಿಎಸ್‌ಟಿ ₹11,880. ಒಟ್ಟು ₹77,880. ದರ ಡಾಲರ್‌ನಲ್ಲಿದ್ದರೆ ರೂಪಾಯಿ ಏರಿಳಿದಂತೆ ಇದೂ ಏರಿಳಿಯುತ್ತದೆ. ಜಿಎಸ್‌ಟಿ ಹೇಗೆ ತೋರಿಸಬೇಕು ಅಂತ ಅಕೌಂಟ್ಸ್‌ನವರನ್ನು ಮೊದಲೇ ಕೇಳಿಬಿಡಿ. ಅವರು ಒಪ್ಪಿದ ಲೆಕ್ಕಕ್ಕೆ ಮ್ಯಾನೇಜರ್ ಬೇಗ ಸಹಿ ಹಾಕುತ್ತಾರೆ.

"ಇಬ್ಬರು ಸೂಪರ್‌ವೈಸರ್‌ಗಳು ಒಂದೇ ಲಾಗಿನ್ ಬಳಸಲಿ, ದುಡ್ಡು ಉಳಿಯುತ್ತೆ" ಅನ್ನುವ ಸಲಹೆ ಬಂದೇ ಬರುತ್ತದೆ. ಹಾಗೆ ಮಾಡಿದರೆ ಕಾರ್ಡ್ ಯಾರು ಸರಿಸಿದರು ಅನ್ನುವ ದಾಖಲೆ ಕೆಲಸಕ್ಕೆ ಬಾರದು. ಟ್ರೈನಿಗಳಿಗೆ ಲಾಗಿನ್ ಕೊಡದೆ, ಷಾಪ್‌ನಲ್ಲಿ ಒಂದು ಹಳೆಯ ಮಾನಿಟರ್‌ನಲ್ಲಿ ಬೋರ್ಡ್ ತೋರಿಸುವುದು ಇದಕ್ಕಿಂತ ವಾಸಿ. ನಾವು ಅದನ್ನೇ ಕೇಳಿದೆವು.

ಎರಡು ಚಿಕ್ಕ ವಿಷಯ ಪತ್ರಕ್ಕಿಂತ ಮೊದಲೇ ಮುಗಿಸಿ. ಖಾತೆಯನ್ನು ಕಂಪನಿಯ ಇಮೇಲ್‌ನಿಂದ ತೆರೆಯಿರಿ. ನಿಮ್ಮ ಸ್ವಂತ ಇಮೇಲ್‌ನಿಂದ ತೆರೆದರೆ ನೀವು ಕೆಲಸ ಬಿಟ್ಟ ದಿನ ಬೋರ್ಡೂ ನಿಮ್ಮ ಜೊತೆ ಹೊರಟುಹೋಗುತ್ತದೆ. ಎರಡನೆಯದು, ಗ್ರಾಹಕರ ಡ್ರಾಯಿಂಗ್‌ಗಳನ್ನು ಕಾರ್ಡಿಗೆ ಅಂಟಿಸಬೇಡಿ. ಡ್ರಾಯಿಂಗ್ ನಂಬರ್ ಮತ್ತು ರಿವಿಷನ್ ಬರೆದರೆ ಸಾಕು. ಗುಟ್ಟು ಕಾಯುವ ಕರಾರಿಗೆ ನಾವು ಸಹಿ ಹಾಕಿರುತ್ತೇವೆ ಅಲ್ವಾ.

ಪತ್ರ

ಈಗ ಬರೆಯಿರಿ. ಶಿಫಾರಸು ವಿಷಯದ ಸಾಲಿನಲ್ಲೇ ಬರಲಿ. "ಸಾಫ್ಟ್‌ವೇರ್ ಕುರಿತು" ಅಂತ ಬರೆದರೆ ಅವರು ಕೊನೆಯವರೆಗೆ ಓದಬೇಕಾಗುತ್ತದೆ, ಓದುವುದಿಲ್ಲ. ನಾನು ಕೊಟ್ಟ ಎರಡನೇ ಪತ್ರ ಹೆಚ್ಚು ಕಡಿಮೆ ಹೀಗಿತ್ತು.

> ಇವರಿಗೆ,
> ಮ್ಯಾನೇಜರ್, ಉತ್ಪಾದನಾ ವಿಭಾಗ
>
> ವಿಷಯ: ಜಾಬ್‌ಗಳ ಲೆಕ್ಕ ಇಡಲು ಟ್ರೆಲೊ ಬಳಸಲು ಅನುಮತಿ ಕೋರಿ. ಮೊದಲ ಮೂರು ತಿಂಗಳು ಖರ್ಚಿಲ್ಲ.
>
> ಮಾನ್ಯರೇ,
>
> ಹೊರಗೆ ಹೋದ ಪೀಸು ಎಷ್ಟು ದಿನದಿಂದ ನಿಂತಿದೆ ಎಂದು ತಾವು ಕೇಳಿದ್ದಿರಿ. ಅದಕ್ಕೆ ಉತ್ತರ ಹುಡುಕಲು ಟ್ರೆಲೊ ಮತ್ತು ಜೀರಾ ಎರಡನ್ನೂ ಎರಡು ವಾರ ನಮ್ಮ ಜಾಬ್‌ಗಳ ಮೇಲೆಯೇ ಓಡಿಸಿ ನೋಡಿದೆವು. ಟ್ರೆಲೊ ತೆಗೆದುಕೊಳ್ಳೋಣ ಎಂದು ನನ್ನ ಶಿಫಾರಸು.
>
> ಎರಡನೇ ವಾರ ಬೋರ್ಡನ್ನೂ ಷಾಪನ್ನೂ ಎರಡು ಸಲ ತಾಳೆ ನೋಡಿದೆ. ಟ್ರೆಲೊದಲ್ಲಿ 17ರಲ್ಲಿ 16 ಜಾಬ್‌ಗಳ ಹಂತ ಸರಿ ಇತ್ತು, ಜೀರಾದಲ್ಲಿ 17ರಲ್ಲಿ 14. ಇದು ದೊಡ್ಡ ವ್ಯತ್ಯಾಸವಲ್ಲ. ಮೊದಲ ವಾರದ ಅಂಕಿಯನ್ನು ಬಿಟ್ಟಿದ್ದೇನೆ. ಆಗ ಜೀರಾವನ್ನು ನಾನು ಸರಿಯಾಗಿ ಹೊಂದಿಸಿರಲಿಲ್ಲ.
>
> ನನ್ನ ಮುಖ್ಯ ಕಾರಣ ಬೇರೆ. ನಾನು ರಜೆಯಲ್ಲಿದ್ದ ಎರಡು ದಿನ ಬ್ಲ್ಯಾಕನಿಂಗ್ ಹಂತ ಹೊಸದಾಗಿ ಬಂತು. ಟ್ರೆಲೊದಲ್ಲಿ ಪರ್ಚೇಸ್ ವಿಭಾಗದವರು ತಾವೇ ಸೇರಿಸಿಕೊಂಡರು. ಜೀರಾದಲ್ಲಿ ನಾನು ಬರುವವರೆಗೆ ಎರಡು ಜಾಬ್‌ಗಳ ಸ್ಥಿತಿ ತಪ್ಪಾಗಿಯೇ ಇತ್ತು. ಅದನ್ನು ನೋಡಿಕೊಳ್ಳಲು ನಮ್ಮಲ್ಲಿ ಬೇರೆ ಜನ ಇಲ್ಲ.
>
> ಟ್ರೆಲೊದ ಕೊರತೆಗಳು: ನಿಂತ ದಿನಗಳನ್ನು ಅದು ತಾನಾಗಿ ತೋರಿಸುವುದಿಲ್ಲ. ಜೀರಾ ತೋರಿಸುತ್ತದೆ. ಬದಲಿಗೆ, ಹೊರಗೆ ಹೋಗಿ ಮೂರು ದಿನ ದಾಟಿದ ಜಾಬ್ ಕೆಂಪಾಗುವಂತೆ ಮಾಡಿದ್ದೇವೆ. ಇನ್‌ಸ್ಪೆಕ್ಷನ್ ತಪ್ಪಿಸುವುದನ್ನು ಅದು ತಡೆಯುವುದಿಲ್ಲ. ಅದಕ್ಕೆ ಈಗಿರುವ ಚಲನ್ ಸಹಿಯೇ ಮುಂದುವರಿಯಬೇಕು.
>
> ಖರ್ಚು: 10 ಜನರವರೆಗೆ ಉಚಿತ. ನಾವು 9 ಜನ. ಟ್ರೈನಿಗಳಿಗೆ ಲಾಗಿನ್ ಕೊಟ್ಟರೆ 11 ಜನರಿಗೂ ಕಟ್ಟಬೇಕು, ವರ್ಷಕ್ಕೆ ಜಿಎಸ್‌ಟಿ ಸೇರಿ ಅಂದಾಜು ₹77,880. ಕೊಡದೆ ಷಾಪ್‌ನಲ್ಲಿ ಒಂದು ಮಾನಿಟರ್ ಇಟ್ಟರೆ ಸಾಕು ಎಂದು ನನ್ನ ಅಭಿಪ್ರಾಯ. ಸ್ಟೋರ್‌ನಲ್ಲಿ ಹಳೆಯದೊಂದು ಇದೆ.
>
> ಒಮ್ಮೆಗೆ 60ಕ್ಕಿಂತ ಹೆಚ್ಚು ಜಾಬ್ ನಡೆಯುವಂತಾದರೆ, ಅಥವಾ ಹಂತ ಹಂತದ ಒಪ್ಪಿಗೆಯ ದಾಖಲೆಯನ್ನು ಗ್ರಾಹಕರು ಕೇಳಿದರೆ, ಜೀರಾವನ್ನು ಮತ್ತೆ ನೋಡಬೇಕಾಗುತ್ತದೆ.
>
> ತಮ್ಮಿಂದ ಬೇಕಾದದ್ದು: ಸೋಮವಾರದಿಂದ ಎಲ್ಲ ಜಾಬ್‌ಗಳನ್ನು ಟ್ರೆಲೊಗೆ ಹಾಕಲು ಒಪ್ಪಿಗೆ, ಮತ್ತು "ಎಲ್ಲಿಗೆ ಬಂತು" ಎಂದು ವಾಟ್ಸಾಪ್‌ನಲ್ಲಿ ಕೇಳುವುದನ್ನು ನಿಲ್ಲಿಸಲು ತಮ್ಮ ಒಂದು ಸೂಚನೆ.
>
> ತಮ್ಮ ವಿಶ್ವಾಸಿ,
> ಪ್ಲಾನಿಂಗ್ ವಿಭಾಗ

ಪತ್ರದಲ್ಲಿ ಗಮನಿಸಬೇಕಾದದ್ದು

ಮೊದಲ ವಾಕ್ಯ ಅವರದೇ ಪ್ರಶ್ನೆ. ಅವರ ಮಾತಿನಿಂದ ಶುರುವಾದ ಪತ್ರವನ್ನು ಬದಿಗಿಡಲು ಮನಸ್ಸು ಬರುವುದಿಲ್ಲ.

"ದೊಡ್ಡ ವ್ಯತ್ಯಾಸವಲ್ಲ" ಅಂತ ನಾನೇ ಬರೆದದ್ದನ್ನು ನಮ್ಮ ಡಿಸೈನ್ ಗೆಳೆಯ ಓದಿ, "ಯಾಕ್ರೀ ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಳ್ತೀರಿ?" ಅಂದಿದ್ದ. ಆದರೆ ಆ ಸಾಲು ಇದ್ದದ್ದರಿಂದಲೇ ಮುಂದಿನ ಪ್ಯಾರಾದ ಕಾರಣಕ್ಕೆ ತೂಕ ಬಂತು. ಅದನ್ನು ನಾನು ಹೇಳದಿದ್ದರೆ ಅವರು ಹೇಳುತ್ತಿದ್ದರು.

60 ಅನ್ನುವ ಅಂಕಿ ಎಲ್ಲಿಂದ ಬಂತು? ಸಾಫ್ಟ್‌ವೇರ್‌ನ ಮಿತಿ ಅದಲ್ಲ. ನಮ್ಮ ಮಾನಿಟರ್‌ನಲ್ಲಿ ಏಳು ಸಾಲು ಹಾಕಿದರೆ ಸಾಲಿಗೆ ಎಂಟೊಂಬತ್ತು ಕಾರ್ಡ್ ಕಾಣುತ್ತವೆ. ಅದಕ್ಕಿಂತ ಹೆಚ್ಚಾದರೆ ಕೆಳಗೆ ಸರಿಸಿ ನೋಡಬೇಕು, ಷಾಪ್‌ನಲ್ಲಿ ಯಾರೂ ಸರಿಸಿ ನೋಡುವುದಿಲ್ಲ. ಮಾನಿಟರ್ ಮುಂದೆ ನಿಂತು ನಿಮ್ಮ ಅಂಕಿಯನ್ನು ನೀವೇ ಎಣಿಸಿಕೊಳ್ಳಿ.

ಒಂದು ವಿಷಯವನ್ನು ಪತ್ರದಲ್ಲಿ ಬಿಟ್ಟಿದ್ದೆ, ಅವರು ಕೇಳಿದರು: "ನಾಳೆ ಬೇಡ ಅನ್ನಿಸಿದರೆ ನಮ್ಮ ದಾಖಲೆ ಸಿಗುತ್ತಾ?" ಸಿಗುತ್ತದೆ, ಆದರೆ ಉಚಿತ ಯೋಜನೆಯಲ್ಲಿ ಜೇಸನ್ ಫೈಲ್ ಆಗಿ ಮಾತ್ರ. ಎಕ್ಸೆಲ್‌ನಲ್ಲಿ ನೇರ ತೆರೆಯುವ ಸಿಎಸ್‌ವಿ ಬೇಕಾದರೆ ಪ್ರೀಮಿಯಂಗೆ ದುಡ್ಡು ಕಟ್ಟಬೇಕು. ಜೀರಾದಲ್ಲಿ ಈ ತಾಪತ್ರಯ ಇಲ್ಲ. ನೀವು ಬರೆಯುವಾಗ ಇದನ್ನೂ ಕೊರತೆಗಳ ಪ್ಯಾರಾಕ್ಕೆ ಸೇರಿಸಿ. ನಾವು ತಿಂಗಳಿಗೊಮ್ಮೆ ಮುಗಿದ ಜಾಬ್‌ಗಳ ಪಟ್ಟಿಯನ್ನು ಎಕ್ಸೆಲ್‌ಗೆ ಕೈಯಲ್ಲೇ ಇಳಿಸಿಕೊಳ್ಳುತ್ತೇವೆ. ಅರ್ಧ ಗಂಟೆಯ ಕೆಲಸ.

ಕೊನೆಯದಾಗಿ, ಪತ್ರವನ್ನು ಯಾವಾಗ ಕೊಡಬೇಕು ಅನ್ನುವುದು. ತಿಂಗಳ ಕೊನೆಯ ವಾರ ಬೇಡವೇ ಬೇಡ, ಆಗ ಎಲ್ಲರ ತಲೆಯಲ್ಲೂ ಡಿಸ್ಪ್ಯಾಚ್. ನಾನು ತಿಂಗಳ ಎರಡನೇ ಮಂಗಳವಾರ ಕೊಟ್ಟೆ. ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತರಿಸಿದ್ದರು, ಸಾಹೇಬರು ಸಮಾಧಾನದಲ್ಲಿದ್ದರು. ಪತ್ರದ ಜೊತೆಗೆ ಫೋನಿನಲ್ಲಿ ಬೋರ್ಡ್ ತೆರೆದು ಮುಂದಿಟ್ಟೆ. ಒಂದು ಕಾರ್ಡ್ ಕೆಂಪಾಗಿತ್ತು. ಅವರು ಪತ್ರ ಬದಿಗಿಟ್ಟು, ಮೊದಲು ಪೀಣ್ಯಕ್ಕೆ ಫೋನ್ ಮಾಡಿದರು.